‘ಸರಿ. ನಿನ್ನಿಷ್ಟ.’ ಎಂದು ಬರೆದ ಗೆಳತಿಗೆ ಮೂರು ವಾಕ್ಯಗಳ ಉತ್ತರ

ಪ್ರಶ್ನೆ: ನಾನು ಕಾರವಾರದಲ್ಲಿದ್ದೇನೆ, ನನ್ನ ಗೆಳತಿಯ ಮನೆ ಶಿರಸಿಯ ಹತ್ತಿರದ ಹಳ್ಳಿಯಲ್ಲಿ. ಕಾಲೇಜಿನಿಂದಲೂ ಹತ್ತಿರದವರು. ಕಳೆದ ಭಾನುವಾರ ಅವಳ ಮನೆಗೆ ಹೋಗುವುದಿತ್ತು, ಮಳೆ ಜೋರಾಗಿದ್ದರಿಂದ ಬೆಳಿಗ್ಗೆಯೇ ಬರುವುದಿಲ್ಲ ಎಂದು ವಾಟ್ಸಾಪ್ ಮಾಡಿದೆ. ಮಧ್ಯಾಹ್ನ ‘ಸರಿ. ನಿನ್ನಿಷ್ಟ.’ ಎಂದಷ್ಟೇ ಬಂತು. ಅವಳು ಹೀಗೆ ಬರೆಯುವವಳಲ್ಲ. ಒಂದು ಉತ್ತರ ಬರೆದಿಟ್ಟಿದ್ದೇನೆ, ಇನ್ನೂ ಕಳಿಸಿಲ್ಲ. ಹಿಂದಿನ ಚಾಟನ್ನೂ ಕಾಲೇಜು ಗೆಳತಿಯರ ಗುಂಪಿನ ಚಾಟನ್ನೂ ಕಳಿಸುತ್ತಿದ್ದೇನೆ. ಕೊನೆಯ ಪೂರ್ಣವಿರಾಮಕ್ಕೂ ಏನಾದರೂ ಅರ್ಥವಿದೆಯೇ? ಏನು ಬರೆಯಲಿ ಮೇಡಂ?

ಉತ್ತರ: ಬರೆದಿಟ್ಟದ್ದನ್ನು ಕಳಿಸದೆ ಉಳಿಸಿಕೊಂಡದ್ದು ಒಳ್ಳೆಯದಾಯಿತು. ಅದರ ಮಾತು ಆಮೇಲೆ ಆಡೋಣ. ಮೊದಲು ನೀವು ಕಳಿಸಿದ ಚಾಟನ್ನು ನಾನು ಹೇಗೆ ಓದಿದೆ ಎಂಬುದನ್ನು ಹೇಳುತ್ತೇನೆ, ಏಕೆಂದರೆ ಬರೆಯಬೇಕಾದ ಮೂರು ವಾಕ್ಯಗಳು ಆ ಓದಿನಿಂದಲೇ ಹುಟ್ಟಬೇಕು.

ಇಂತಹ ಸಂದೇಶ ಬಂದಾಗ ಎಲ್ಲರೂ ಅದೊಂದನ್ನೇ ಹತ್ತು ಸಲ ಓದುತ್ತಾರೆ, ಹತ್ತನೆಯ ಸಲಕ್ಕೆ ಅದು ಮೊದಲಿಗಿಂತ ಹೆಚ್ಚು ಖಾರವಾಗಿ ಕಾಣುತ್ತದೆ. ಒಂದು ಸಾಲಿನಿಂದ ಅದನ್ನು ಬರೆದವರ ಮನಸ್ಸನ್ನು ಹಿಡಿಯುವುದು ನಾವು ತಿಳಿದಷ್ಟು ಸುಲಭವಲ್ಲ. ಜಸ್ಟಿನ್ ಕ್ರೂಗರ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಇಮೇಲ್ ಬರೆದವರು ತಮ್ಮ ವ್ಯಂಗ್ಯವೋ ಗಂಭೀರವೋ ಓದುವವರಿಗೆ ನೂರಕ್ಕೆ ಸುಮಾರು 78 ಪಾಲು ತಿಳಿಯುತ್ತದೆ ಎಂದು ಎಣಿಸಿದ್ದರು. ಓದಿದವರು ಸರಿಯಾಗಿ ಗುರುತಿಸಿದ್ದು ನೂರಕ್ಕೆ 56ರಷ್ಟು ಮಾತ್ರ, ಅಂದರೆ ನಾಣ್ಯ ಚಿಮ್ಮಿ ಹೇಳಿದ್ದಕ್ಕಿಂತ ತುಸು ಮೇಲು. ಹಾಗಾಗಿ ನಾನು ಕೊನೆಯ ಸಾಲನ್ನು ಬದಿಗಿಟ್ಟು, ಅದಕ್ಕಿಂತ ಹಿಂದಿನ ಮೂರು ವಾರಗಳಲ್ಲಿ ನಿಮ್ಮ ಗೆಳತಿ ಬರೆದ ಸುಮಾರು ನಲವತ್ತು ಸಂದೇಶಗಳನ್ನು ಮಾತ್ರ ಸಾಲಾಗಿ ಓದಿದೆ. ನಿಮ್ಮ ಸಂದೇಶಗಳನ್ನು ಆಗ ಓದಲಿಲ್ಲ. ಅವಳನ್ನು ಹೋಲಿಸಬೇಕಾದದ್ದು ಅವಳೊಂದಿಗೇ ಹೊರತು ನಿಮ್ಮೊಂದಿಗಲ್ಲ. ನೀವು ಉದ್ದ ಬರೆಯುವವರು, ಅವಳು ಮೊದಲಿನಿಂದಲೂ ಗಿಡ್ಡ ಬರೆಯುವವಳು. ಒಟ್ಟಿಗೆ ಓದಿದರೆ ಅವಳ ಎಲ್ಲ ಮಾತೂ ಒಣಗಿದಂತೆ ತೋರುತ್ತದೆ.

ಆ ನಲವತ್ತರಲ್ಲಿ ಹನ್ನೊಂದು ಕಡೆ ‘ಅಡ್ಡಿಲ್ಲ’ ಇದೆ. ನಮ್ಮ ಜಿಲ್ಲೆಯ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ. ನಮ್ಮಲ್ಲಿ ‘ಅಡ್ಡಿಲ್ಲ’ ಎಂದರೆ ಒಪ್ಪಿಗೆಯೂ ಹೌದು, ಪರವಾಗಿಲ್ಲ ಎಂಬ ಸಮಾಧಾನವೂ ಹೌದು, ಎಷ್ಟೋ ಸಲ ಚೆನ್ನಾಗಿದೆ ಎಂಬ ಮೆಚ್ಚುಗೆಯೂ ಹೌದು. ಅದು ಒಂದೇ ಪದವಾದರೂ ಅದರಲ್ಲಿ ಮುನಿಸಿಲ್ಲ. ಆದ್ದರಿಂದ ಸಂದೇಶ ಗಿಡ್ಡವಾಯಿತು ಎಂಬುದು ಇಲ್ಲಿ ಗುರುತೇ ಅಲ್ಲ. ಗುರುತು ಇರುವುದು ‘ಅಡ್ಡಿಲ್ಲ’ ಬರಬೇಕಾದ ಜಾಗದಲ್ಲಿ ‘ಸರಿ’ ಬಂದದ್ದರಲ್ಲಿ ಮತ್ತು ಅದರ ಬೆನ್ನಿಗೆ ‘ನಿನ್ನಿಷ್ಟ’ ಬಂದದ್ದರಲ್ಲಿ. ‘ಅಡ್ಡಿಲ್ಲ’ ಎನ್ನುವವಳು ತನ್ನ ಕಡೆಯಿಂದ ತಡೆಯಿಲ್ಲ ಎನ್ನುತ್ತಾಳೆ, ಅಂದರೆ ತಾನೂ ಆ ತೀರ್ಮಾನದ ಒಳಗೆ ಇದ್ದಾಳೆ. ‘ನಿನ್ನಿಷ್ಟ’ ಎನ್ನುವವಳು ತೀರ್ಮಾನವನ್ನು ನಿಮ್ಮ ಕೈಗಿಟ್ಟು ಹೊರಗೆ ಸರಿದು ನಿಲ್ಲುತ್ತಾಳೆ. ನಿಮಗೆ ಚುಚ್ಚಿದ್ದು ಇದೇ, ಚುಚ್ಚಿದ್ದು ತಪ್ಪು ಗ್ರಹಿಕೆಯೂ ಅಲ್ಲ.

ಪೂರ್ಣವಿರಾಮದ ಬಗ್ಗೆಯೂ ನೀವು ಕೇಳಿದ್ದೀರಿ. 2015ರಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 126 ವಿದ್ಯಾರ್ಥಿಗಳಿಗೆ ಇಂಥ ಒಂದು ಪದದ ಉತ್ತರಗಳನ್ನು ತೋರಿಸಿದಾಗ, ಚುಕ್ಕಿಯಿಂದ ಮುಗಿದ ಸಂದೇಶಗಳು ಚುಕ್ಕಿಯಿಲ್ಲದವುಗಳಿಗಿಂತ ಮನಸ್ಸಿಲ್ಲದ ಉತ್ತರಗಳಂತೆ ಕಂಡವು. ಅದೇ ಮಾತು ಕೈಬರಹದ ಚೀಟಿಯಲ್ಲಿದ್ದಾಗ ಆ ವ್ಯತ್ಯಾಸ ಕಾಣಲಿಲ್ಲ. ಅದು ಇಂಗ್ಲಿಷಿನ ಮಾತು, ಕಾಲೇಜು ವಯಸ್ಸಿನವರ ಮಾತು. ನಮ್ಮಲ್ಲಿ ಚುಕ್ಕಿಗೆ ಅಷ್ಟು ತೂಕ ಕೊಡುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬೇಕು. ಅನೇಕ ಫೋನುಗಳ ಕೀಬೋರ್ಡಿನಲ್ಲಿ ಖಾಲಿ ಜಾಗದ ಕೀಲಿಯನ್ನು ಎರಡು ಸಲ ಒತ್ತಿದರೆ ಚುಕ್ಕಿ ತಾನಾಗಿ ಬೀಳುತ್ತದೆ. ಹಾಗೆ ಚುಕ್ಕಿ ಬೀಳಿಸುವವರ ಚಾಟಿನಲ್ಲಿ ಎಲ್ಲೆಂದರಲ್ಲಿ ಚುಕ್ಕಿಗಳಿರುತ್ತವೆ. ನಿಮ್ಮ ಗೆಳತಿಯ ಗಿಡ್ಡ ಉತ್ತರಗಳಲ್ಲಿ ಈ ಒಂದನ್ನು ಬಿಟ್ಟರೆ ಕೊನೆಯ ಚುಕ್ಕಿ ಎಲ್ಲಿಯೂ ಇಲ್ಲ. ಆದ್ದರಿಂದ ಇದೂ ಲೆಕ್ಕಕ್ಕೆ ಬರುತ್ತದೆ, ಆದರೆ ‘ನಿನ್ನಿಷ್ಟ’ದ ಮುಂದೆ ಇದು ಚಿಲ್ಲರೆ.

ಇಷ್ಟಾದ ಮೇಲೆ ಕೇಳಬೇಕಾದ ಪ್ರಶ್ನೆ, ದನಿ ಯಾವಾಗ ಬದಲಾಯಿತು ಎಂಬುದು. ನೀವು ಭಾನುವಾರ ಎನ್ನುತ್ತೀರಿ. ಚಾಟ್ ಹಾಗೆ ಹೇಳುವುದಿಲ್ಲ.

ನಿಮ್ಮ ಗೆಳತಿಯ ಸಂದೇಶಗಳಲ್ಲಿ ‘ಮಾರಾಯ್ತಿ’ ಎಂಬುದು ದಿನಕ್ಕೊಮ್ಮೆಯಾದರೂ ಬರುತ್ತಿತ್ತು. ‘ಎಂತ ಮಾರಾಯ್ತಿ ಸುದ್ದಿಯೇ ಇಲ್ಲ’, ‘ಹೌದು ಮಾರಾಯ್ತಿ’, ಹೀಗೆ. ಅದು ಕೊನೆಯ ಬಾರಿ ಕಾಣುವುದು ಭಾನುವಾರಕ್ಕೆ ಐದು ದಿನ ಮೊದಲು, ಮಂಗಳವಾರ ರಾತ್ರಿ. ಆ ಸಂದೇಶವನ್ನು ಇಲ್ಲಿ ಪೂರ್ತಿ ಕೊಡುತ್ತೇನೆ, ಏಕೆಂದರೆ ಎಲ್ಲವೂ ಅದರಲ್ಲಿದೆ: ‘ಅಪ್ಪಯ್ಯ ಮೊನ್ನೆ ತೋಟದಲ್ಲಿ ಜಾರಿ ಬಿದ್ದ ಮಾರಾಯ್ತಿ, ಬಲಗೈಗೆ ಪ್ಲಾಸ್ಟರ್ ಹಾಕಿದ್ದು. ಎರಡನೇ ಔಷಧಿ ಹೊಡೆಯೋ ಟೈಮು, ಕೊನೆಗೌಡರಿಗೆ ಫೋನ್ ಮಾಡಿ ಮಾಡಿ ಸಾಕಾತು. ಅಮ್ಮಂಗೆ ರಾತ್ರಿ ನಿದ್ರೆ ಇಲ್ಲ.’ ಮೂರು ವಾಕ್ಯ. ಅವಳ ಲೆಕ್ಕದಲ್ಲಿ ಇದು ಪತ್ರವೇ ಸರಿ, ಆ ನಲವತ್ತರಲ್ಲಿ ಇಷ್ಟು ಉದ್ದದ್ದು ಬೇರೆ ಇಲ್ಲ.

ಬುಧವಾರ ಬೆಳಿಗ್ಗೆ ನೀವು ಬರೆದದ್ದು ಇದು: ‘ಅಯ್ಯೋ, ಹುಷಾರು. ಭಾನುವಾರ ಬರ್ತೆ, ಹಲಸಿನ ಹಪ್ಪಳ ತೆಗೆದಿಡು’, ಜೊತೆಗೆ ಒಂದು ಹೆಬ್ಬೆರಳು.

ನೀವು ಕೆಟ್ಟ ಮನಸ್ಸಿನಿಂದ ಬರೆದಿರಿ ಎಂದು ನಾನು ಹೇಳುತ್ತಿಲ್ಲ, ಬಸ್ಸಿಗೆ ಓಡುತ್ತ ಬರೆದಂತಿದೆ. ಆದರೆ ಆ ಕಡೆಯಿಂದ ಓದಿ ನೋಡಿ. ಮಳೆ ಹಿಡಿದಿರುವಾಗ ಅಡಿಕೆ ತೋಟದವರಿಗೆ ಕೊಳೆ ರೋಗದ ಔಷಧಿಯ ಚಿಂತೆ ಎಂಥದ್ದೆಂದು ಘಟ್ಟದ ಕೆಳಗಿನ ನಮಗೂ ಗೊತ್ತು. ಮೊದಲ ಬಾರಿ ಬೋರ್ಡೋ ದ್ರಾವಣ ಹೊಡೆದು ಒಂದೂವರೆ ತಿಂಗಳ ಸುಮಾರಿಗೆ ಎರಡನೆಯದು ಬೀಳಬೇಕು, ಅದೂ ಮಳೆ ಬಿಡುವು ಕೊಟ್ಟ ಹೊತ್ತಿನಲ್ಲಿ. ಮರ ಹತ್ತುವ ಕೊನೆಗೌಡರು ಆ ಹೊತ್ತಿನಲ್ಲಿ ಎಲ್ಲರಿಗೂ ಬೇಕು. ಆ ಸಮಯದಲ್ಲಿ ಮನೆಯ ಯಜಮಾನರ ಬಲಗೈ ಕಟ್ಟಿಹೋಗಿದೆ. ಅದನ್ನು ಹೇಳಿಕೊಂಡವಳಿಗೆ ಸಿಕ್ಕಿದ್ದು ‘ಹುಷಾರು’ ಎಂಬ ಒಂದು ಪದ ಮತ್ತು ಹಪ್ಪಳದ ಬೇಡಿಕೆ.

ಅದಕ್ಕೆ ಅವಳ ಉತ್ತರ ‘ಹೂಂ’. ಗುರುವಾರ ನೀವು ಕಡಲತೀರದ ಮಳೆಯ ಫೋಟೋ ಹಾಕಿದಾಗ ‘ಚೆನ್ನಾಗಿದೆ’. ಶನಿವಾರ ‘ನಾಳೆ ಮಳೆ ನೋಡಿ ಹೊರಡ್ತೆ’ ಎಂದದ್ದಕ್ಕೆ ‘ನೋಡು’. ಮೂರರಲ್ಲಿಯೂ ‘ಮಾರಾಯ್ತಿ’ ಇಲ್ಲ, ಮೂರರಲ್ಲಿಯೂ ಅವಳು ತಿರುಗಿ ಏನನ್ನೂ ಕೇಳಿಲ್ಲ. ಅದಕ್ಕಿಂತ ಮೊದಲು ಅವಳು ಕೇಳದೆ ಬಿಟ್ಟ ದಿನವಿಲ್ಲ. ಭಾನುವಾರದ ಸಂದೇಶ ಐದು ದಿನಗಳ ಸಾಲಿನ ಕೊನೆಯದು, ಮೊದಲನೆಯದಲ್ಲ.

ಭೇಟಿ ತಪ್ಪಿದ್ದೇ ಕಾರಣವಲ್ಲ ಎನ್ನಲು ಇನ್ನೊಂದು ಆಧಾರವಿದೆ, ಅದನ್ನು ನೀವೇ ಕಳಿಸಿದ್ದೀರಿ. ಕಳೆದ ವರ್ಷದ ಜುಲೈ ತಿಂಗಳಲ್ಲಿಯೂ ನೀವು ಇದೇ ಮಳೆಯ ಕಾರಣಕ್ಕೆ ಬರುವುದನ್ನು ಬಿಟ್ಟಿದ್ದಿರಿ. ಆಗ ಅವಳು ಬರೆದದ್ದು ‘ಅಡ್ಡಿಲ್ಲ ಮಾರಾಯ್ತಿ, ದೇವಿಮನೆ ಘಟ್ಟ ನಂಬೂಕಾಗ್ತಿಲ್ಲ, ಮಳೆ ಬಿಟ್ಮೇಲೆ ಬಾ’ ಎಂದು. ಮಳೆಗಾಲದಲ್ಲಿ ಘಟ್ಟ ಹತ್ತದಿರುವುದು ಆ ಭಾಗದವರಿಗೆ ಅವಮಾನವಲ್ಲ. ಅದೇ ಕಾರಣಕ್ಕೆ ಅದೇ ಗೆಳತಿ ಈ ಸಲ ಬೇರೆ ದನಿಯಲ್ಲಿ ಉತ್ತರಿಸಿದ್ದಾಳೆಂದರೆ ನಡುವೆ ಬದಲಾದದ್ದು ಬೇರೇನೋ ಇರಬೇಕು.

ಇಲ್ಲಿ ಒಂದು ಮಿತಿಯನ್ನು ಒಪ್ಪಿಕೊಳ್ಳಬೇಕು. ಚಾಟ್ ಓದಿದರೆ ದನಿ ಎಲ್ಲಿ ತಿರುಗಿತೆಂದು ತಿಳಿಯುತ್ತದೆ, ಏಕೆ ತಿರುಗಿತೆಂದು ಖಚಿತವಾಗಿ ತಿಳಿಯುವುದಿಲ್ಲ. ತಂದೆಯ ಆರೈಕೆ, ತೋಟದ ಓಡಾಟ, ಕರೆಂಟಿಲ್ಲದ ರಾತ್ರಿಗಳು, ಇವುಗಳಿಂದ ದಣಿದವಳು ಯಾರಿಗಾದರೂ ಗಿಡ್ಡವಾಗಿಯೇ ಬರೆದಾಳು. ಅದನ್ನು ಬೇರ್ಪಡಿಸಲು ಒಂದು ದಾರಿ, ಅದೇ ದಿನಗಳಲ್ಲಿ ಅವಳು ಬೇರೆಯವರೊಡನೆ ಹೇಗೆ ಮಾತಾಡಿದ್ದಾಳೆಂದು ನೋಡುವುದು. ನಿಮ್ಮ ಕಾಲೇಜು ಗೆಳತಿಯರ ಗುಂಪಿನಲ್ಲಿ ಶುಕ್ರವಾರ ಅವಳು ತಮಾಷೆ ಮಾಡಿದ್ದಾಳೆ, ಎರಡು ಕಡೆ ‘ಮಾರಾಯ್ತಿ’ ಎಂದಿದ್ದಾಳೆ. ದಣಿವಷ್ಟೇ ಆಗಿದ್ದರೆ ಅಲ್ಲಿಯೂ ಕಾಣಬೇಕಿತ್ತು. ನನ್ನ ಅಂದಾಜು ನಿಮ್ಮ ಬುಧವಾರದ ಉತ್ತರದ ಕಡೆಗೇ ಇದೆ. ಅಂದಾಜು ತಪ್ಪಿದ್ದರೂ ನಷ್ಟವಾಗದಂತೆ ಉತ್ತರ ಬರೆಯಬಹುದು, ಈ ಓದಿನ ದೊಡ್ಡ ಉಪಯೋಗವೂ ಅದೇ.

ಈಗ ನೀವು ಬರೆದಿಟ್ಟದ್ದಕ್ಕೆ ಬರೋಣ: ‘ಯಾಕೆ ಹೀಂಗೆ ಮಾತಾಡ್ತೆ? ಕೋಪ ಬಂತಾ? ನಾ ಬೇಕಂತ ತಪ್ಪಿಸಿದ್ದಲ್ಲ, ಮಳೆ ಎಷ್ಟಿತ್ತು ನಿಂಗೂ ಗೊತ್ತಿತ್ತು, ಮನೆಯಲ್ಲೂ ಬೇಡ ಅಂದ್ರು. ಬೇಜಾರಾಗಿದ್ರೆ ಸಾರಿ.’ ಕೊನೆಗೆ ನಗುವ ಮುಖ.

‘ಕೋಪ ಬಂತಾ’ ಎಂದು ಬರಹದಲ್ಲಿ ಕೇಳಿದರೆ ಬರುವ ಉತ್ತರ ಒಂದೇ, ‘ಇಲ್ಲ’. ಎದುರಿಗೆ ಕುಳಿತು ಕೇಳಿದರೆ ಆ ‘ಇಲ್ಲ’ದ ಮುಖ ನೋಡಿ ಮುಂದೆ ಮಾತಾಡಬಹುದು, ಚಾಟಿನಲ್ಲಿ ಆ ‘ಇಲ್ಲ’ ಬಾಗಿಲು ಹಾಕಿದಂತೆ. ಮಳೆಯ ವಿವರಣೆ ಕಾರಣವಲ್ಲದ ವಿಷಯಕ್ಕೆ ಕೊಟ್ಟ ಸಮಜಾಯಿಷಿ. ಅದನ್ನು ಓದಿದರೆ, ತನಗೆ ನೋವಾದದ್ದು ಎಲ್ಲಿ ಎಂಬುದು ಇವಳಿಗೆ ಇನ್ನೂ ಹೊಳೆದಿಲ್ಲ ಎಂದು ಅವಳಿಗೆ ಗಟ್ಟಿಯಾಗುತ್ತದೆ. ‘ಬೇಜಾರಾಗಿದ್ರೆ’ ಎಂಬ ‘ರೆ’ ತಪ್ಪನ್ನು ಅವಳ ಮನಸ್ಸಿನ ಮೇಲೆ ಹೊರಿಸುತ್ತದೆ. ನಗುವ ಮುಖದ ಬಗ್ಗೆ ಹೇಳುವುದೇ ಬೇಡ. ನಾನೇ ಒಮ್ಮೆ ಆತ್ಮೀಯರೊಬ್ಬರ ‘ಆಯ್ತು’ ಎಂಬ ಒಂದೇ ಪದಕ್ಕೆ ನಾಲ್ಕು ಪ್ಯಾರಾ ಸಮಜಾಯಿಷಿ ಬರೆದು ಕಳಿಸಿದ್ದೆ, ಅವರು ಮಗುವನ್ನು ಎತ್ತಿಕೊಂಡು ಒಂದೇ ಕೈಯಲ್ಲಿ ಒತ್ತಿದ್ದು ಅದೆಂದು ವಾರದ ಮೇಲೆ ತಿಳಿಯಿತು. ನಲವತ್ತು ಸಂದೇಶ ಓದುವ ಅಭ್ಯಾಸ ಅಂದಿನಿಂದ.

ಅವಳು ಎರಡು ಪದ ಬರೆದಿದ್ದಾಳೆ. ನೀವು ಹತ್ತು ಸಾಲು ಬರೆದರೆ ಅದಕ್ಕೆ ಉತ್ತರಿಸುವ ಹೊರೆ ಅವಳ ಮೇಲೆ ಬೀಳುತ್ತದೆ. ನೀವೂ ಎರಡೇ ಪದ ಬರೆದರೆ ಅದು ಜಿದ್ದಿಗೆ ಬಿದ್ದಂತೆ. ಅವಳು ಮಾಮೂಲಿ ದಿನಗಳಲ್ಲಿ ಬರೆಯುವುದಕ್ಕಿಂತ ತುಸು ಉದ್ದ, ನೀವು ಮಾಮೂಲಿ ಬರೆಯುವುದಕ್ಕಿಂತ ಬಹಳ ಗಿಡ್ಡ ಇರಬೇಕು. ಮಂಗಳವಾರ ಅವಳು ಮೂರು ವಾಕ್ಯ ಬರೆದಿದ್ದಳಲ್ಲ, ನಿಮ್ಮ ಬಾಕಿ ಅಷ್ಟೇ. ಕಳಿಸಿ ಎಂದು ನಾನು ಹೇಳುವುದು ಇದನ್ನು:

‘ನೀ ಅಪ್ಪಯ್ಯನ ಕೈ ಸುದ್ದಿ ಹೇಳಿದ್ರೆ ನಾ ಹಪ್ಪಳದ ಮಾತಾಡಿದೆ, ತಪ್ಪಾಯ್ತು ಮಾರಾಯ್ತಿ. ಅವ್ರಿಗೆ ಈಗ ನೋವು ಹೇಗಿದ್ದು, ಔಷಧಿ ಹೊಡೆಯೋಕೆ ಜನ ಸಿಕ್ಕಿದ್ರಾ? ರಾತ್ರಿ ಎಂಟೂವರೆ ಮೇಲೆ ಫೋನ್ ಮಾಡ್ಲಾ?’

ಇದರಲ್ಲಿ ಭಾನುವಾರದ ಮಾತಿಲ್ಲ, ಮಳೆಯಿಲ್ಲ, ‘ಸರಿ. ನಿನ್ನಿಷ್ಟ.’ ಎಂಬುದರ ಉಲ್ಲೇಖವೂ ಇಲ್ಲ. ಅವಳ ದನಿಯನ್ನು ನೀವು ಎತ್ತಿ ತೋರಿಸಿದರೆ ಅವಳು ಅದನ್ನು ಸಮರ್ಥಿಸಿಕೊಳ್ಳಬೇಕಾಗುತ್ತದೆ. ತಪ್ಪು ಎಲ್ಲಿ ಎಂಬುದನ್ನು ಮೊದಲ ವಾಕ್ಯ ಹೆಸರಿಟ್ಟು ಹೇಳುತ್ತದೆ. ‘ಏನಾದರೂ ತಪ್ಪಾಗಿದ್ದರೆ’ ಎಂಬ ಸುತ್ತು ಇಲ್ಲ. ನನ್ನ ಅಂದಾಜು ತಪ್ಪಿ ಅವಳ ಬೇಸರಕ್ಕೆ ಬೇರೆ ಕಾರಣವಿದ್ದರೂ ಈ ವಾಕ್ಯದಿಂದ ಯಾರಿಗೂ ತೊಂದರೆಯಾಗುವುದಿಲ್ಲ, ಹಪ್ಪಳದ ಮಾತು ಹೇಗೂ ನೀವು ಆಡಿದ್ದು ನಿಜ. ಎರಡನೆಯ ವಾಕ್ಯದಲ್ಲಿ ‘ನಿನ್ನ ಅಪ್ಪ’ ಎಂದು ಬರೆಯಬೇಡಿ. ನಿಮ್ಮ ಹಳೆಯ ಸಂದೇಶಗಳಲ್ಲಿ ನೀವೂ ಅವರನ್ನು ಅಪ್ಪಯ್ಯ ಎಂದೇ ಕರೆದಿದ್ದೀರಿ, ಈಗ ‘ನಿನ್ನ’ ಸೇರಿಸಿದರೆ ಒಂದು ಗೇಣು ದೂರವಾಗುತ್ತದೆ. ಅವಳು ಮಗಳಾಗಿ ‘ಜಾರಿ ಬಿದ್ದ’ ಎಂದು ಏಕವಚನದಲ್ಲಿ ಬರೆದಿದ್ದಾಳೆ, ನಿಮಗೆ ‘ಅವ್ರಿಗೆ’ ಎಂಬುದೇ ಚೆಂದ. ಔಷಧಿಯ ಮಾತನ್ನು ಬಿಡಬಾರದು. ಕೈ ಮುರಿದದ್ದನ್ನು ಯಾರು ಬೇಕಾದರೂ ಕೇಳುತ್ತಾರೆ, ಕೊನೆಗೌಡರು ಸಿಕ್ಕರೇ ಎಂದು ಕೇಳುವವಳು ಆ ಸಂದೇಶವನ್ನು ಕೊನೆಯವರೆಗೆ ಓದಿದವಳು. ಮೂರನೆಯ ವಾಕ್ಯಕ್ಕೆ ಒಂದೇ ಪದದಲ್ಲಿ ಉತ್ತರ ಕೊಡಬಹುದು, ಕೊಡದಿದ್ದರೂ ನಡೆಯುತ್ತದೆ.

‘ಮಾರಾಯ್ತಿ’ಯ ಜಾಗದ ಬಗ್ಗೆ ಸ್ವಲ್ಪ ಯೋಚಿಸಿದೆ. ಅವಳು ಬಿಟ್ಟ ಪದವನ್ನು ನೀವು ಮರಳಿ ತರುವುದು ಸರಿ, ಆದರೆ ಆರಂಭದಲ್ಲಿಯೇ ‘ಮಾರಾಯ್ತೀ’ ಎಂದು ಎಳೆದರೆ ಪುಸಲಾಯಿಸಿದಂತೆ ಕೇಳುತ್ತದೆ. ತಪ್ಪೊಪ್ಪಿಕೊಂಡ ಮಾತಿನ ಬಾಲದಲ್ಲಿ ಒಂದೇ ಸಲ ಬಂದರೆ ಅದು ಮಾಮೂಲಿನಂತೆ ಬಿದ್ದಿರುತ್ತದೆ.

ಬರೆಯುವಾಗ ಅವಳ ಚಾಟನ್ನು ತೆರೆದಿಟ್ಟು ಬರೆಯಬೇಡಿ. ನೀವು ಒತ್ತುತ್ತ, ಅಳಿಸುತ್ತ ಇರುವಾಗ ಆ ಕಡೆ ಅವಳೂ ಚಾಟ್ ತೆರೆದಿದ್ದರೆ ನೀವು ಟೈಪ್ ಮಾಡುತ್ತಿರುವುದು ಕಾಣುತ್ತದೆ, ಹತ್ತು ನಿಮಿಷ ಟೈಪ್ ಮಾಡಿ ಮೂರು ವಾಕ್ಯ ಬಂದರೆ ಅದೂ ಒಂದು ಸಂದೇಶವೇ. ವಾಟ್ಸಾಪಿನಲ್ಲಿ ನಿಮ್ಮ ನಂಬರಿಗೇ ಬರೆದುಕೊಳ್ಳುವ ಅನುಕೂಲವಿದೆ, ಅಲ್ಲಿ ಬರೆದು ಒಮ್ಮೆ ಜೋರಾಗಿ ಓದಿಕೊಂಡು ಆಮೇಲೆ ಅಂಟಿಸಿ. ಕಳಿಸಿದ ಮೇಲೆ ಹದಿನೈದು ನಿಮಿಷದೊಳಗೆ ತಿದ್ದಬಹುದು, ಆದರೆ ತಿದ್ದಿದ ಗುರುತು ಉಳಿಯುತ್ತದೆ, ಅಳಿಸಿದರೂ ಅಳಿಸಿದ ಗುರುತು ಉಳಿಯುತ್ತದೆ. ಹೊತ್ತಿನ ಮಟ್ಟಿಗೆ, ಅವಳ ಹೆಚ್ಚಿನ ಸಂದೇಶಗಳು ಮಧ್ಯಾಹ್ನ ಎರಡರಿಂದ ಮೂರರ ಒಳಗೆ, ಇಲ್ಲವೇ ರಾತ್ರಿ ಎಂಟೂವರೆಯ ಮೇಲೆ. ಮಧ್ಯಾಹ್ನ ಎರಡರ ಹೊತ್ತಿಗೆ ಕಳಿಸಿದರೆ ರಾತ್ರಿಯ ಫೋನಿಗೆ ಅವಳಿಗೆ ಯೋಚಿಸಲು ಆರೂವರೆ ಗಂಟೆ ಸಿಗುತ್ತದೆ.

ಕಳಿಸಿದ ಮೇಲೆ ನೀಲಿ ಗೀಟು ಮೂಡಿ ಉತ್ತರ ಬರದಿದ್ದರೆ ಎರಡನೆಯ ಸಂದೇಶ ಬೇಡ, ಪ್ರಶ್ನಾರ್ಥಕ ಚಿಹ್ನೆಯೂ ಬೇಡ. ಅವಳು ಒಪ್ಪದೆ ಅಂದು ರಾತ್ರಿ ಫೋನನ್ನೂ ಮಾಡಬೇಡಿ, ‘ಮಾಡ್ಲಾ’ ಎಂದು ಕೇಳಿದ್ದಕ್ಕೆ ಬೆಲೆ ಇರಬೇಕು. ಮರುದಿನ ಸಂಜೆಯವರೆಗೆ ಬಿಡಿ. ಬಂದ ಉತ್ತರವನ್ನು ಮತ್ತೆ ಅವಳ ಹಳೆಯ ಮಾತಿಗೆ ಹೋಲಿಸಿ ಓದಿ. ‘ಅಡ್ಡಿಲ್ಲ, ಮಾಡು’ ಎಂದರೆ ಮುಗಿಯಿತು. ‘ನೋವು ಕಡಿಮೆ. ಜನ ಸಿಕ್ಕಿದ್ರು’ ಎಂದು ಪ್ರಶ್ನೆಗಳಿಗಷ್ಟೇ ಉತ್ತರಿಸಿ ಫೋನಿನ ಮಾತನ್ನು ಬಿಟ್ಟಿದ್ದರೆ ಅರ್ಧ ಬಾಗಿಲು ತೆರೆದಿದೆ. ಆಗ ‘ಸದ್ಯ, ಒಳ್ಳೇದಾಯ್ತು’ ಎಂದಷ್ಟೇ ಬರೆದು ಸುಮ್ಮನಿದ್ದು, ಪ್ಲಾಸ್ಟರ್ ಬಿಚ್ಚುವ ದಿನ ಯಾವುದೆಂದು ಎರಡು ಮೂರು ದಿನ ಬಿಟ್ಟು ಕೇಳಿ. ಮತ್ತೆ ‘ಸರಿ’ ಎಂದೇ ಬಂದರೆ ಬರಹದಿಂದ ಆಗುವ ಕೆಲಸ ಮುಗಿಯಿತೆಂದು ತಿಳಿಯಬೇಕು. ಆ ಮೇಲೆ ಏನಿದ್ದರೂ ದನಿ ಕೇಳಿಯೋ ಮುಖ ನೋಡಿಯೋ ಆಗಬೇಕು. ಮಳೆ ಬಿಡುವು ಕೊಟ್ಟ ದಿನ, ಹೊರಡುವ ಮೊದಲು ಅಮ್ಮನಿಗೆ ಫೋನ್ ಮಾಡಿ ಅಪ್ಪಯ್ಯನನ್ನು ನೋಡಲು ಬರುತ್ತೇನೆಂದು ಹೇಳಿ ಹೋಗಿ.

ಅವಳು ‘ಬಾ’ ಎಂದರೆ ಯಾವ ಬಸ್ಸಿಗೆ ಬರುತ್ತೀರಿ ಎಂಬುದನ್ನಷ್ಟೇ ತಿಳಿಸಿ. ಹಪ್ಪಳದ ಮಾತನ್ನು ಅವಳೇ ಎತ್ತುವವರೆಗೆ ನೀವು ಎತ್ತಬೇಡಿ.